ಟೈರ್ ಮಾತ್ರ ಹೋದರೆ ವಿಮೆ ಏಕೆ ಸಿಗುವುದಿಲ್ಲ? ಟೈರ್, ಬ್ಯಾಟರಿ, ಬಂಪರ್ ಕ್ಲೇಮಿನ ಮಾರ್ಗದರ್ಶಿ

ಮಳೆಗಾಲ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. "ನೀರು ತುಂಬಿದ ಗುಂಡಿ ಕಾಣಲಿಲ್ಲ, ಟೈರ್ ಪಕ್ಕಕ್ಕೆ ಸೀಳಿಹೋಯಿತು. ನನ್ನದು ಫುಲ್ ಇನ್ಶೂರೆನ್ಸ್. ಆದರೂ ಕಂಪನಿಯವರು ಟೈರಿಗೆ ದುಡ್ಡು ಕೊಡುವುದಿಲ್ಲ ಅಂತಾರೆ, ಇದು ಸರಿಯೇ?" ಟೈರಿನ ಜಾಗದಲ್ಲಿ ಬ್ಯಾಟರಿ ಎಂದೋ ಬಂಪರ್ ಎಂದೋ ಹಾಕಿಕೊಂಡರೂ ಪ್ರಶ್ನೆ ಅದೇ. ಉತ್ತರ ಮಾತ್ರ ಮೂರಕ್ಕೂ ಒಂದೇ ಅಲ್ಲ. ಈ ಮೂರನ್ನೂ ಪಾಲಿಸಿಯಲ್ಲಿ ಮೂರು ಬೇರೆ ನಿಯಮಗಳು ಆಳುತ್ತವೆ. ಯಾವ ನಿಯಮ ನಿಮಗೆ ಅನ್ವಯಿಸುತ್ತದೆ ಎಂದು ಮೊದಲೇ ತಿಳಿದಿದ್ದರೆ ಸಿಗಬೇಕಾದ ಹಣವನ್ನು ಬಿಟ್ಟುಕೊಡುವುದೂ ತಪ್ಪುತ್ತದೆ, ಸಿಗದ ಹಣಕ್ಕೆ ಅಲೆಯುವುದೂ ತಪ್ಪುತ್ತದೆ.

ಇಲ್ಲಿ ಮುಖ್ಯವಾಗಿ ಖಾಸಗಿ ಕಾರಿನ ಬಗ್ಗೆ ಬರೆದಿದ್ದೇನೆ. ಗೂಡ್ಸ್ ಗಾಡಿ ಇಟ್ಟುಕೊಂಡವರು ಬಂಪರಿನ ಭಾಗವನ್ನು ತಪ್ಪದೆ ಓದಿ, ಅಲ್ಲಿ ನಿಮಗೆ ನಿಯಮ ಇನ್ನೂ ಬಿಗಿಯಾಗಿದೆ.

1. ಮೊದಲು ಪಾಲಿಸಿ ಯಾವುದೆಂದು ನೋಡಿ

ನಿಮ್ಮ ಬಳಿ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಈ ಲೇಖನದ ಯಾವ ಕ್ಲೇಮೂ ನಿಮಗಿಲ್ಲ. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ಪ್ಯಾಕೇಜ್ ಅಥವಾ ಕಾಂಪ್ರಹೆನ್ಸಿವ್ ಎಂದಿರಬೇಕು, ಇಲ್ಲವೇ ಪ್ರತ್ಯೇಕ 'ಸ್ವಂತ ಹಾನಿ' ಪಾಲಿಸಿ ಇರಬೇಕು. ಈ ಸ್ವಂತ ಹಾನಿಯ ಭಾಗವನ್ನೇ ಏಜೆಂಟರು 'ಓಡಿ' ಎನ್ನುತ್ತಾರೆ.

ಪಾಲಿಸಿಯೆಂದರೆ ಎರಡು ಕಾಗದ. ಒಂದು ಷೆಡ್ಯೂಲ್. ನಿಮ್ಮ ಹೆಸರು, ಗಾಡಿಯ ನಂಬರ್, ಪ್ರೀಮಿಯಂ, ಹೆಚ್ಚುವರಿ ಹಣ ಕಟ್ಟಿ ಸೇರಿಸಿಕೊಂಡ ರಕ್ಷಣೆಗಳಾದ ಆಡ್-ಆನ್‌ಗಳು ಇರುವ ಒಂದೆರಡು ಪುಟ ಅದು. ಇನ್ನೊಂದು ಪಾಲಿಸಿ ವರ್ಡಿಂಗ್, ಅಂದರೆ ಷರತ್ತುಗಳ ಪೂರ್ಣ ಪಾಠ. ಹೆಚ್ಚಿನವರ ಮೊಬೈಲಿನಲ್ಲಿ ಷೆಡ್ಯೂಲ್ ಮಾತ್ರ ಇರುತ್ತದೆ. ವರ್ಡಿಂಗ್ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಇಳಿಸಿಕೊಳ್ಳಿ. ತಕರಾರು ಬಂದಾಗ ಮಾತು ನಡೆಯುವುದು ಅದರ ಮೇಲೆಯೇ.

ನಮ್ಮಲ್ಲಿ ಬಹುತೇಕ ಕಂಪನಿಗಳ ಮೂಲ ಷರತ್ತುಗಳು ಒಂದೇ ರೀತಿ ಇರುವುದಕ್ಕೆ ಕಾರಣವಿದೆ. ಅವೆಲ್ಲ 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಎಂಬ ದಾಖಲೆಯಿಂದ ಬಂದವು. 2007ರಿಂದ ಓಡಿ ಪ್ರೀಮಿಯಂ ಎಷ್ಟೆಂದು ಕಂಪನಿಗಳೇ ನಿರ್ಧರಿಸುತ್ತಿವೆ, ಆದರೆ ಮೂಲ ಷರತ್ತುಗಳ ಒಕ್ಕಣೆ ಬಹುಪಾಲು ಹಾಗೆಯೇ ಉಳಿದುಬಂದಿದೆ.

2. ಟೈರಿನ ಷರತ್ತನ್ನು ಸರಿಯಾಗಿ ಅರ್ಥಮಾಡಿಕೊಳ್ಳಿ

ವರ್ಡಿಂಗ್‌ನ ಮೊದಲ ಭಾಗದಲ್ಲಿ, ಕಂಪನಿ ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿಯಲ್ಲಿ, ಟೈರು ಮತ್ತು ಟ್ಯೂಬಿನ ಮಾತು ಬರುತ್ತದೆ. ಅದರ ಸಾರ ಇಷ್ಟು: ಟೈರ್, ಟ್ಯೂಬಿಗೆ ಆದ ಹಾನಿಗೆ ಹಣವಿಲ್ಲ, ಅದೇ ಸಮಯದಲ್ಲಿ ವಾಹನಕ್ಕೂ ಹಾನಿಯಾಗಿದ್ದರೆ ಮಾತ್ರ ಕೊಡುತ್ತೇವೆ, ಆಗಲೂ ಹೊಸ ಟೈರಿನ ಬೆಲೆಯ ಅರ್ಧದಷ್ಟನ್ನು ಮಾತ್ರ.

ಈ ಷರತ್ತಿನ ಹಿಂದೆ ಒಂದು ತರ್ಕವಿದೆ. ಟೈರು ಓಡಿದಷ್ಟೂ ಸವೆಯುವ ವಸ್ತು. ಗಾಳಿ ಕಡಿಮೆ ಇಟ್ಟು ಓಡಿಸಿದರೂ ಅದರ ಪಕ್ಕದ ಗೋಡೆ ಒಡೆಯುತ್ತದೆ, ಐದಾರು ವರ್ಷ ಬಿಸಿಲಲ್ಲಿ ನಿಂತರೂ ಬಿರಿಯುತ್ತದೆ, ಕಲ್ಲಿಗೆ ಬಡಿದರೂ ಸೀಳುತ್ತದೆ. ಸೀಳಿದ ಟೈರನ್ನಷ್ಟೇ ಮುಂದಿಟ್ಟರೆ ಕಾರಣ ಇವುಗಳಲ್ಲಿ ಯಾವುದೆಂದು ಹೇಳುವುದು ಕಷ್ಟ. ಸವಕಳಿಗೆ ವಿಮೆ ಹಣ ಕೊಡುವುದಿಲ್ಲ, ಅಪಘಾತಕ್ಕೆ ಕೊಡುತ್ತದೆ. ಟೈರಿನ ಜೊತೆಗೆ ರಿಮ್ ಬೆಂಡಾಗಿದ್ದರೆ ಅಥವಾ ಫೆಂಡರ್ ನೆಗ್ಗಿದ್ದರೆ ಹೊರಗಿನ ಹೊಡೆತ ಬಿದ್ದಿದೆ ಎನ್ನಲು ಅದೇ ಸಾಕ್ಷಿ. ಅರ್ಧ ಬೆಲೆಯ ಮಿತಿಯೂ ಹೀಗೆಯೇ ಬಂದದ್ದು. ನೀವು ಕಳೆದುಕೊಂಡದ್ದು ಓಡಿಸಿದ ಟೈರು, ಹಾಕಿಸಿಕೊಳ್ಳುವುದು ಹೊಸದು.

ನನ್ನ ಅಭಿಪ್ರಾಯ ಕೇಳಿದರೆ, ಎರಡೇ ತಿಂಗಳ ಹಿಂದೆ ಹಾಕಿಸಿದ ಟೈರಿಗೂ ನಾಲ್ಕು ವರ್ಷ ಸವೆದ ಟೈರಿಗೂ ಒಂದೇ ಅರ್ಧ ಎನ್ನುವುದು ಗ್ರಾಹಕರಿಗೆ ನ್ಯಾಯವಲ್ಲ. ಟೈರಿನ ಮೇಲೆ ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಗಳಲ್ಲಿ ಅಚ್ಚಾಗಿರುತ್ತದೆ. 2323 ಎಂದಿದ್ದರೆ 2023ರ 23ನೇ ವಾರ. ಟೈರಿನ ಹಲ್ಲಿನ ಆಳವನ್ನೂ ಅಳೆಯಬಹುದು. ಇಷ್ಟೆಲ್ಲ ತಿಳಿಯಲು ಸಾಧ್ಯವಿದ್ದೂ ಮೂಲ ಪಾಲಿಸಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಷರತ್ತು ಇರುವುದು ಹೀಗೆ, ಸದ್ಯಕ್ಕೆ ಇದರೊಳಗೇ ದಾರಿ ನೋಡಬೇಕು.

ಹಾಗಾದರೆ 'ವಾಹನಕ್ಕೂ ಹಾನಿ' ಎಂದರೆ ಎಷ್ಟು ಹಾನಿ? ಷರತ್ತಿನಲ್ಲಿ ಇಷ್ಟೇ ಇರಬೇಕೆಂಬ ಅಳತೆ ಇಲ್ಲ. ಬಾಡಿ ನುಜ್ಜಾಗಿರಲೇಬೇಕು ಎಂದೂ ಇಲ್ಲ. ಟೈರು ಮತ್ತು ಟ್ಯೂಬನ್ನು ಮಾತ್ರ ಷರತ್ತು ಹೆಸರಿಸಿದೆ, ರಿಮ್ಮನ್ನಲ್ಲ. ಆದ್ದರಿಂದ ಡಿಸ್ಕ್ ಅಥವಾ ಅಲಾಯ್ ವೀಲ್ ಬೆಂಡಾಗಿದ್ದರೆ, ಚಕ್ರವನ್ನು ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್ ಬಾಗಿದ್ದರೆ, ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಅದು ವಾಹನಕ್ಕೆ ಆದ ಹಾನಿಯೇ. ಬಹಳಷ್ಟು ಜನ ಟೈರಿನ ಸೀಳು ನೋಡಿ, ಉಳಿದದ್ದನ್ನು ನೋಡದೆ, ಪಂಕ್ಚರ್ ಅಂಗಡಿಯಲ್ಲಿ ಹೊಸ ಟೈರ್ ಹಾಕಿಸಿಕೊಂಡು ಹೋಗಿಬಿಡುತ್ತಾರೆ. ವಾರದ ಮೇಲೆ ಸ್ಟೀರಿಂಗ್ ಒಂದು ಕಡೆಗೆ ಎಳೆಯತೊಡಗಿದಾಗ ಲೋವರ್ ಆರ್ಮ್ ಬಾಗಿರುವುದು ತಿಳಿಯುತ್ತದೆ. ಅಷ್ಟರಲ್ಲಿ ಹಳೆಯ ಟೈರು ಗುಜರಿ ಸೇರಿರುತ್ತದೆ, 'ಅದೇ ಸಮಯದಲ್ಲಿ' ಎಂಬುದನ್ನು ತೋರಿಸಲು ಏನೂ ಉಳಿದಿರುವುದಿಲ್ಲ.

3. ಹೊಡೆತ ಬಿದ್ದ ಮೊದಲ ಹತ್ತು ನಿಮಿಷ

ಟೈರ್ ಗಾಳಿ ಬಿಟ್ಟಿತೆಂದು ಗೊತ್ತಾದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. 'ಎರಡು ಕಿಲೋಮೀಟರಿನಲ್ಲಿ ಬಂಕ್ ಇದೆ' ಎಂದು ಓಡಿಸಿಕೊಂಡು ಹೋಗಬೇಡಿ. ಗಾಳಿಯಿಲ್ಲದ ಟೈರಿನ ಮೇಲೆ ಓಡಿಸಿದರೆ ಟೈರಿನ ಪಕ್ಕದ ಗೋಡೆ ಸುತ್ತಲೂ ಅರೆದುಹೋಗುತ್ತದೆ, ರಿಮ್ಮಿನ ಅಂಚು ರಸ್ತೆಗೆ ಉಜ್ಜಿ ಸವೆಯುತ್ತದೆ. ಸರ್ವೇಯರಿಗೆ, ಅಂದರೆ ಹಾನಿಯನ್ನು ಅಂದಾಜು ಮಾಡಲು ಕಂಪನಿ ಕಳಿಸುವ ಪರಿಣತರಿಗೆ, ಇದು ನೋಡಿದ ಕೂಡಲೇ ತಿಳಿಯುತ್ತದೆ. ಗುಂಡಿಯ ಹೊಡೆತ ರಿಮ್ಮಿನ ಒಂದೇ ಜಾಗದಲ್ಲಿ ಕಚ್ಚು ಬೀಳಿಸುತ್ತದೆ, ಓಡಿಸಿದ ಹಾನಿ ಸುತ್ತಲೂ ಇರುತ್ತದೆ. ದುರಸ್ತಿಗೆ ಮುಂಚೆ ಓಡಿಸಿ ಹೆಚ್ಚಾದ ಹಾನಿಗೆ ಗಾಡಿಯ ಮಾಲೀಕರೇ ಹೊಣೆ ಎಂಬ ಷರತ್ತು ಪಾಲಿಸಿಯಲ್ಲೇ ಇದೆ. ಗಾಡಿ ಎಳೆಸಿಕೊಂಡು ಹೋಗುವ ಖರ್ಚಿಗೆ ಮೂಲ ಪಾಲಿಸಿಯಲ್ಲಿ ಕಾರಿಗೆ ₹1,500ರವರೆಗೆ ಸಿಗುತ್ತದೆ. ರೋಡ್ ಸೈಡ್ ಅಸಿಸ್ಟೆನ್ಸ್ ಆಡ್-ಆನ್ ಇದ್ದರೆ ಆ ನಂಬರಿಗೆ ಕರೆ ಮಾಡಿ.

ಟೈರ್ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಗುಂಡಿ ಮತ್ತು ಗಾಡಿ ಎರಡೂ ಕಾಣುವ ಹಾಗೆ ಒಂದು, ನಂಬರ್ ಪ್ಲೇಟಿನ ಜೊತೆ ಹಾನಿಯಾದ ಚಕ್ರ ಕಾಣುವ ಹಾಗೆ ಒಂದು, ಸೀಳು ಮತ್ತು ರಿಮ್ಮಿನ ಕಚ್ಚು ಹತ್ತಿರದಿಂದ, ಬಂಪರಿನ ಕೆಳಭಾಗ, ಚಕ್ರದ ಒಳಬದಿ. ಮೊಬೈಲಿನ ಲೊಕೇಶನ್ ಆನ್ ಇರಲಿ. ಇದಾದ ಮೇಲೆ ಸ್ಟೆಪ್ನಿ ಹಾಕಿಕೊಳ್ಳಬಹುದು, ಆದರೆ ಕೆಟ್ಟ ಟೈರ್ ಮತ್ತು ರಿಮ್ಮನ್ನು ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ಸರ್ವೇ ಮುಗಿಯುವವರೆಗೆ ಅವನ್ನು ಯಾರಿಗೂ ಕೊಡಬೇಡಿ.

ಟೈರಿನ ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬುವ ಹಾನಿಯ ಬಗ್ಗೆ ಬೇರೆಯಾಗಿ ಹೇಳಬೇಕು. ಗುಂಡಿಯ ಹೊಡೆತಕ್ಕೆ ಒಳಗಿನ ದಾರದ ಪದರ ಹರಿದು, ಗಾಳಿಯ ಒತ್ತಡಕ್ಕೆ ರಬ್ಬರ್ ಹೊರಗೆ ಉಬ್ಬುತ್ತದೆ. ಇದು ಎಷ್ಟೋ ಸಲ ಆ ಕ್ಷಣಕ್ಕೆ ಕಾಣದೆ ಕೆಲವು ದಿನ ಓಡಿದ ಮೇಲೆ ಕಾಣುತ್ತದೆ. ಆಗ ಯಾವ ಗುಂಡಿಯಿಂದ ಆಯಿತೆಂದು ತೋರಿಸಲಾಗದೆ ಕ್ಲೇಮು ಬೀಳುತ್ತದೆ. ಜೋರಾಗಿ ಹೊಡೆತ ಬಿದ್ದರೆ ಟೈರ್ ಸೀಳದಿದ್ದರೂ ಫೋಟೋ ತೆಗೆದಿಡಿ, ಒಂದೆರಡು ದಿನದೊಳಗೆ ಅಲೈನ್‌ಮೆಂಟ್ ಮಾಡುವಲ್ಲಿ ಚಕ್ರ ಎತ್ತಿಸಿ ಒಳಬದಿಯನ್ನೂ ನೋಡಿಸಿ. ಉಬ್ಬಿದ ಟೈರ್ ಯಾವಾಗ ಬೇಕಾದರೂ ಒಡೆಯಬಹುದು, ಆದ್ದರಿಂದ ಕ್ಲೇಮು ಸಿಗಲಿ ಬಿಡಲಿ ಅದನ್ನು ಬದಲಾಯಿಸಲೇಬೇಕು.

4. ಕ್ಲೇಮು ಹಾಕುವ ಮುಂಚೆ ಲೆಕ್ಕ ಹಾಕಿ

ಜನ ಬಹಳ ಅವಸರ ಮಾಡುವುದು ಇಲ್ಲಿ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಬೆಲೆಗಳನ್ನು ಲೆಕ್ಕಕ್ಕೆಂದು ಹಿಡಿದಿದ್ದೇನೆ, ತೆರಿಗೆ ಸೇರಿ.

ಗಾಡಿ 1,200 ಸಿಸಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ವಯಸ್ಸು ಮೂರು ವರ್ಷ ದಾಟಿದೆ. ಎಡ ಮುಂಚಕ್ರ ಗುಂಡಿಗೆ ಬಿದ್ದು ಟೈರ್ ಸೀಳಿದೆ, ಅಲಾಯ್ ಬೆಂಡಾಗಿದೆ, ಲೋವರ್ ಆರ್ಮ್ ಬಾಗಿದೆ, ಬಂಪರ್ ಒಡೆದಿದೆ. ಗ್ಯಾರೇಜಿನ ಎಸ್ಟಿಮೇಟ್ ಹೀಗಿದೆ: ಟೈರ್ ₹6,500, ಅಲಾಯ್ ₹9,000, ಲೋವರ್ ಆರ್ಮ್ ₹3,500, ಬಂಪರ್ ₹5,000, ಬಂಪರಿನ ಪೇಂಟಿಂಗ್ ₹3,000, ಕೂಲಿ ₹2,500. ಒಟ್ಟು ₹29,500.

ಇದರಿಂದ ಕಳೆಯುವ ಮೊದಲನೆಯದು ಡಿಪ್ರಿಸಿಯೇಷನ್, ಅಂದರೆ ಹಳೆಯ ಭಾಗಕ್ಕೆ ಹೊಸದು ಹಾಕುವಾಗ ವಯಸ್ಸಿಗೆ ತಕ್ಕಂತೆ ಹಿಡಿಯುವ ಮೊತ್ತ. ರಬ್ಬರ್, ಪ್ಲಾಸ್ಟಿಕ್, ಟೈರ್, ಟ್ಯೂಬ್, ಬ್ಯಾಟರಿ ಇವುಗಳಿಗೆ ಗಾಡಿ ಹೊಸದಾಗಿದ್ದರೂ 50%. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಏನೂ ಇಲ್ಲ, ಒಂದು ವರ್ಷದವರೆಗೆ 5%, ಎರಡರವರೆಗೆ 10%, ಮೂರರವರೆಗೆ 15%, ನಾಲ್ಕರವರೆಗೆ 25%, ಐದರವರೆಗೆ 35%, ಹತ್ತರವರೆಗೆ 40%, ಆಮೇಲೆ 50%. ಪೇಂಟಿಂಗಿನಲ್ಲಿ ಬಣ್ಣದ ಸಾಮಗ್ರಿಗೆ ಮಾತ್ರ 50% ಹಿಡಿಯಬೇಕು. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ ಬೇರೆ ಮಾಡಿಲ್ಲದಿದ್ದರೆ ಒಟ್ಟಿನ ಕಾಲು ಭಾಗವನ್ನು ಸಾಮಗ್ರಿ ಎಂದು ತೆಗೆದುಕೊಳ್ಳುತ್ತಾರೆ.

ಆ ಪ್ರಕಾರ ಟೈರಿಗೆ ₹3,250, ಅಲಾಯಿಗೆ ₹6,750, ಲೋವರ್ ಆರ್ಮಿಗೆ ₹2,625, ಬಂಪರಿಗೆ ₹2,500, ಪೇಂಟಿಂಗಿಗೆ ₹2,625, ಕೂಲಿ ಪೂರ್ತಿ ₹2,500. ಒಟ್ಟು ₹20,250. ಇದರಿಂದ ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿಗೂ ನೀವೇ ಭರಿಸಬೇಕಾದ ಮೊದಲ ಮೊತ್ತ, ಹೋಗುತ್ತದೆ. 1,500 ಸಿಸಿಯವರೆಗಿನ ಕಾರಿಗೆ ಅದು ₹1,000, ಅದಕ್ಕಿಂತ ದೊಡ್ಡ ಎಂಜಿನ್ ಇದ್ದರೆ ₹2,000. ಪ್ರೀಮಿಯಂ ಕಡಿಮೆಯಾಗಲೆಂದು ನೀವೇ ಹೆಚ್ಚಿನ ಕಡಿತಕ್ಕೆ ಒಪ್ಪಿದ್ದರೆ ಅದೂ ಸೇರುತ್ತದೆ, ಷೆಡ್ಯೂಲ್ ನೋಡಿ. ನಮ್ಮ ಉದಾಹರಣೆಯಲ್ಲಿ ಕೈಗೆ ಬರುವುದು ₹19,250, ಕೈಯಿಂದ ಹೋಗುವುದು ₹10,250. ಹಳೆಯ ಭಾಗಗಳನ್ನು ನೀವೇ ಇಟ್ಟುಕೊಂಡರೆ ಅವುಗಳ ಗುಜರಿ ಬೆಲೆಯನ್ನೂ ಸ್ವಲ್ಪ ಕಳೆಯಬಹುದು.

ಜನ 'ಬಂಪರ್ ಟು ಬಂಪರ್' ಎನ್ನುವ ಜೀರೋ ಡಿಪ್ರಿಸಿಯೇಷನ್ ಆಡ್-ಆನ್ ಇದ್ದರೆ ಇದೇ ಲೆಕ್ಕ ಬದಲಾಗುತ್ತದೆ. ಅಲಾಯ್, ಆರ್ಮ್, ಬಂಪರ್, ಪೇಂಟಿಂಗ್ ಎಲ್ಲ ಪೂರ್ತಿ ಸಿಗುತ್ತವೆ. ಆದರೆ ಹೆಚ್ಚಿನ ಜೀರೋ ಡಿಪ್ ಷರತ್ತುಗಳಲ್ಲಿ ಟೈರು, ಟ್ಯೂಬನ್ನು ಹೊರಗಿಟ್ಟಿರುತ್ತಾರೆ, ಕೆಲವರು ಬ್ಯಾಟರಿಯನ್ನೂ. ಹಾಗಾಗಿ ಟೈರಿಗೆ ಆಗಲೂ ಅರ್ಧವೇ, ಕೈಗೆ ಬರುವುದು ₹25,250. ಆ ಆಡ್-ಆನ್ ಟೈರಿನ 'ವಾಹನಕ್ಕೂ ಹಾನಿಯಾಗಿರಬೇಕು' ಎಂಬ ಷರತ್ತನ್ನು ತೆಗೆಯುವುದಿಲ್ಲ. ಜೀರೋ ಡಿಪ್ ಇದೆಯೆಂದು ಟೈರ್ ಒಂದಕ್ಕೇ ಕ್ಲೇಮು ಹಾಕಿ ನಿರಾಶರಾಗುವವರು ತುಂಬಾ ಇದ್ದಾರೆ.

ಇನ್ನೊಂದು ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ. ಅದು ನೋ ಕ್ಲೇಮ್ ಬೋನಸ್, ಎನ್‌ಸಿಬಿ. ಕ್ಲೇಮಿಲ್ಲದೆ ಕಳೆದ ವರ್ಷಗಳಿಗೆ ಓಡಿ ಪ್ರೀಮಿಯಂ ಮೇಲೆ ಸಿಗುವ ರಿಯಾಯಿತಿ ಇದು. ಮೊದಲ ವರ್ಷಕ್ಕೆ 20%, ಆಮೇಲೆ 25%, 35%, 45%, ಕೊನೆಗೆ 50%. ಒಂದು ಕ್ಲೇಮು ಹಾಕಿದರೆ ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿದು, ಮತ್ತೆ ಮೊದಲಿಂದ ಏರಬೇಕು.

ರಿಯಾಯಿತಿಗೆ ಮುಂಚಿನ ಓಡಿ ಪ್ರೀಮಿಯಂ ₹8,000, ಈಗ ನಿಮಗೆ 35% ಇದೆ ಎನ್ನೋಣ. ಕ್ಲೇಮು ಹಾಕದಿದ್ದರೆ ಮುಂದಿನ ವರ್ಷ 45% ಸಿಗುತ್ತಿತ್ತು, ಹಾಕಿದರೆ ಸೊನ್ನೆ. ಅಲ್ಲಿಗೆ ₹3,600 ನಷ್ಟ. ಅದರ ಮರುವರ್ಷ 50%ರ ಬದಲು 20%, ಅಂದರೆ ₹2,400. ಮುಂದಿನ ಮೂರು ವರ್ಷಗಳಲ್ಲಿ ₹2,000, ₹1,200, ₹400. ಐದು ವರ್ಷಕ್ಕೆ ಒಟ್ಟು ₹9,600. ಗಾಡಿ ಹಳೆಯದಾದಂತೆ ಓಡಿ ಪ್ರೀಮಿಯಂ ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ.

ಈಗ ಹೋಲಿಸಿ. ನಮ್ಮ ಉದಾಹರಣೆಯಲ್ಲಿ ₹19,250 ಬರುವುದರಿಂದ ಕ್ಲೇಮು ಹಾಕುವುದು ಸರಿ. ಅದೇ ಟೈರ್ ಮತ್ತು ಅಲಾಯ್ ಮಾತ್ರ ಹೋಗಿದ್ದರೆ ₹3,250, ₹6,750 ಸೇರಿ ₹10,000, ಕಡಿತ ಕಳೆದು ₹9,000. ಎನ್‌ಸಿಬಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಇಂಥ ಕಡೆ ನಾನು ಕ್ಲೇಮು ಹಾಕಬೇಡಿ ಎಂದೇ ಹೇಳುತ್ತೇನೆ, ಏಕೆಂದರೆ ಅದೇ ವರ್ಷ ದೊಡ್ಡ ಅಪಘಾತವೇನಾದರೂ ಆದರೆ ಎನ್‌ಸಿಬಿ ಆಗ ಹೇಗೂ ಹೋಗುತ್ತದೆ, ಆದರೆ ಜೀರೋ ಡಿಪ್‌ನಲ್ಲಿ ವರ್ಷಕ್ಕೆ ಇಷ್ಟೇ ಕ್ಲೇಮು ಎಂಬ ಮಿತಿ ಇರುವ ಪಾಲಿಸಿಗಳಲ್ಲಿ ಒಂದನ್ನು ಸುಮ್ಮನೆ ಕಳೆದುಕೊಂಡಿರುತ್ತೀರಿ. ಕ್ಲೇಮು ಹಾಕಿದರೂ ಬೋನಸ್ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದ್ದವರಿಗೆ ಮಾತ್ರ ಲೆಕ್ಕ ಬೇರೆ.

5. ಬ್ಯಾಟರಿ: ಕೆಟ್ಟಿತೋ, ಒಡೆಯಿತೋ, ಕಳುವಾಯಿತೋ?

ಬ್ಯಾಟರಿಗೆ ಟೈರಿನಂತೆ 'ವಾಹನಕ್ಕೂ ಹಾನಿಯಾಗಿದ್ದರೆ ಮಾತ್ರ' ಎಂಬ ಪ್ರತ್ಯೇಕ ಷರತ್ತು ಕಾರಿನ ಮೂಲ ಪಾಲಿಸಿಯಲ್ಲಿ ಇಲ್ಲ. ಅದನ್ನು ತಡೆಯುವುದು ಇನ್ನೊಂದು ಸಾಲು: ಸವಕಳಿ, ಯಾಂತ್ರಿಕ ಅಥವಾ ವಿದ್ಯುತ್ ದೋಷಕ್ಕೆ ಹಣವಿಲ್ಲ. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಲಿಲ್ಲ ಎನ್ನುವುದು ಆ ಸಾಲಿನೊಳಗೆ ಬರುತ್ತದೆ. ಅದಕ್ಕೆ ಕೇಳಬೇಕಾದದ್ದು ಬ್ಯಾಟರಿ ತಯಾರಕರ ವಾರಂಟಿಯನ್ನು. ವಾರಂಟಿ ಕಾರ್ಡ್ ಮತ್ತು ಬಿಲ್ಲನ್ನು ಆರ್‌ಸಿಯ ಜೊತೆ ಇಟ್ಟುಕೊಳ್ಳಿ.

ಮುಂದೆ ಗುದ್ದಿ ಬ್ಯಾಟರಿಯ ಡಬ್ಬಿ ಒಡೆದರೆ, ಪ್ರವಾಹದ ನೀರು ನುಗ್ಗಿ ಕೆಟ್ಟರೆ, ಬೆಂಕಿಗೆ ಸುಟ್ಟರೆ ಅದು ವಿಮೆ ಹೆಸರಿಸಿರುವ ಅಪಾಯಗಳಿಂದ ಆದ ಹಾನಿ, ಅರ್ಧ ಬೆಲೆ ಸಿಗಬೇಕು. ಇಂಥ ಸಂದರ್ಭದಲ್ಲಿ ಸುತ್ತಲಿನ ಬೇರೆ ಭಾಗಗಳಿಗೂ ಹಾನಿಯಾಗಿರುವುದೇ ಸಹಜ. ಹಾಗಾಗಿಯೇ ಗಾಡಿಗೆ ಏಟು ಬಿದ್ದರೆ ಮಾತ್ರ ಬ್ಯಾಟರಿಗೆ ಹಣ ಎಂಬ ಮಾತು ಹುಟ್ಟಿಕೊಂಡಿದೆ. ಸರ್ವೇಯರ್ "ಬ್ಯಾಟರಿ ಮೊದಲೇ ಹಳೆಯದಾಗಿತ್ತು" ಎಂದರೆ, ಅದಕ್ಕಾಗಿಯೇ 50% ಕಳೆಯುತ್ತಿರುವುದಲ್ಲವೇ ಎಂದು ಕೇಳಿ, ಒಡೆದ ಜಾಗದ ಫೋಟೋ ತೋರಿಸಿ.

ಕಳವಾದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು ಎಫ್‌ಐಆರ್ ಮಾಡಿಸಬೇಕು. ಕರ್ನಾಟಕ ಪೊಲೀಸರ ಇ-ಲಾಸ್ಟ್ ರಿಪೋರ್ಟ್ ಕಳೆದುಹೋದ ವಸ್ತುಗಳಿಗೆ ಇರುವುದು, ಕಳ್ಳತನಕ್ಕಲ್ಲ. ಅದನ್ನು ತಂದು ಕೊಟ್ಟರೆ ಕ್ಲೇಮು ಸಿಗುವುದಿಲ್ಲ. ಆದರೆ ಹಣದ ಲೆಕ್ಕವನ್ನೂ ನೋಡಿ: ₹5,500ರ ಬ್ಯಾಟರಿಗೆ ಅರ್ಧ ₹2,750, ಕಡಿತ ಕಳೆದು ₹1,750. ಎನ್‌ಸಿಬಿ ಕಳೆದುಕೊಂಡು ಇಷ್ಟನ್ನು ಪಡೆಯುವುದು ನಷ್ಟವೇ. ದೂರು ಕೊಡಿ, ಕ್ಲೇಮು ಬಿಡಿ. ಸ್ಕೂಟರ್, ಬೈಕಿನವರ ಪಾಲಿಸಿ ಇನ್ನೂ ಬಿಗಿ: ಇಡೀ ಗಾಡಿ ಕಳುವಾಗದೆ ಅಕ್ಸೆಸರಿಗಳು ಮಾತ್ರ ಕಳುವಾದರೆ ಹಣವಿಲ್ಲ ಎಂದು ಅದರಲ್ಲಿ ಬರೆದಿದೆ.

ಎಲೆಕ್ಟ್ರಿಕ್ ಗಾಡಿಯವರಿಗೆ ಮಾತ್ರ ಇದು ಸಣ್ಣ ವಿಷಯವಲ್ಲ. ಅಲ್ಲಿ ಗಾಡಿಯ ಬೆಲೆಯ ದೊಡ್ಡ ಪಾಲು ಬ್ಯಾಟರಿಯದ್ದೇ, ಆದ್ದರಿಂದ ಬ್ಯಾಟರಿಗೆ ಅರ್ಧ ಎಂಬ ನಿಯಮ ಲಕ್ಷಗಳ ಲೆಕ್ಕದಲ್ಲಿ ಹೊಡೆಯಬಹುದು. ನವೀಕರಣದ ಹೊತ್ತಿಗೆ ಬ್ಯಾಟರಿ ಪ್ರೊಟೆಕ್ಟ್ ಆಡ್-ಆನ್ ಕೇಳಿ. ಅದರಲ್ಲಿ ನೀರು ನುಗ್ಗಿದ ಹಾನಿ ಸೇರಿದೆಯೇ, ಜೀರೋ ಡಿಪ್ ಬ್ಯಾಟರಿಗೂ ಅನ್ವಯಿಸುತ್ತದೆಯೇ ಎಂಬ ಎರಡನ್ನೂ ಬರಹದಲ್ಲಿ ತೆಗೆದುಕೊಳ್ಳಿ.

6. ಬಂಪರ್: ಕಾರಿಗೆ ಒಂದು ನಿಯಮ, ಗೂಡ್ಸ್ ಗಾಡಿಗೆ ಇನ್ನೊಂದು

ಖಾಸಗಿ ಕಾರಿನಲ್ಲಿ ಬಂಪರ್ ವಾಹನದ ಭಾಗವೇ. ಬೇರೆ ಯಾವುದಕ್ಕೂ ಏಟು ಬೀಳದೆ ಬಂಪರ್ ಒಂದೇ ಒಡೆದರೂ ಅಪಘಾತದಿಂದ ಆಗಿದ್ದರೆ ಕ್ಲೇಮು ಸಿಗುತ್ತದೆ, ಪ್ಲಾಸ್ಟಿಕ್ ಆದ್ದರಿಂದ ಅರ್ಧ. "ಬಂಪರ್ ಮಾತ್ರ ಹೋಗಿದೆ, ಕೊಡುವುದಿಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಯಾವ ಷರತ್ತಿನಲ್ಲಿದೆ ಎಂದು ಕೇಳಿ. ಕಷ್ಟ ಬರುವುದು ಹಳೆಯ ಗೀರುಗಳಿಂದ. ಪಾರ್ಕಿಂಗಿನಲ್ಲಿ ಒಂದು ಸಲ, ಕಂಬಕ್ಕೆ ಇನ್ನೊಂದು ಸಲ ತಾಗಿದ್ದನ್ನೆಲ್ಲ ಸೇರಿಸಿ ಒಂದೇ ದಿನದ ಅಪಘಾತ ಎಂದು ಬರೆಯಬೇಡಿ. ಸರ್ವೇಯರಿಗೆ ಗೀರಿನ ದಿಕ್ಕು, ಎತ್ತರ, ಅದರೊಳಗಿನ ಧೂಳು ನೋಡಿದರೆ ಬೇರೆ ಬೇರೆ ಘಟನೆ ಎಂದು ತಿಳಿಯುತ್ತದೆ. ಎರಡು ಘಟನೆಗೆ ಎರಡು ಕ್ಲೇಮು, ಎರಡು ಕಡಿತ. ಸುಳ್ಳು ಹೇಳಿಕೆ ಸಾಬೀತಾದರೆ ನಿಜವಾದ ಹಾನಿಯ ಹಣವೂ ಹೋಗುತ್ತದೆ.

ಮಿನಿ ಲಾರಿ, ಪಿಕಪ್, ಟಿಪ್ಪರ್ ಇಟ್ಟುಕೊಂಡವರು ಷೆಡ್ಯೂಲಿನಲ್ಲಿ 'ಐಎಂಟಿ 21' ಮತ್ತು 'ಐಎಂಟಿ 23' ಎಂಬ ಎರಡು ಸಂಖ್ಯೆ ಹುಡುಕಿ. ಇವು ಇಂಡಿಯಾ ಮೋಟಾರ್ ಟ್ಯಾರಿಫಿನ ಎಂಡಾರ್ಸ್‌ಮೆಂಟ್‌ಗಳು, ಅಂದರೆ ಮೂಲ ಪಾಲಿಸಿಗೆ ಅಂಟಿಸಿದ ಹೆಚ್ಚುವರಿ ಷರತ್ತುಗಳು. ಐಎಂಟಿ 21 ಹೇಳುವುದು ಇಷ್ಟು: ಗಾಡಿ ಸಂಪೂರ್ಣ ನಾಶವಾಗದ ಹೊರತು ಲೈಟು, ಟೈರು, ಟ್ಯೂಬು, ಮಡ್‌ಗಾರ್ಡ್, ಬಾನೆಟ್‌ನ ಪಕ್ಕದ ಭಾಗಗಳು, ಬಂಪರ್, ಹೆಡ್‌ಲೈಟ್, ಪೇಂಟಿಂಗ್ ಯಾವುದಕ್ಕೂ ಹಣವಿಲ್ಲ. ಮುಂದೆ ಗುದ್ದಿದರೆ ಮೊದಲು ಹೋಗುವುದೇ ಇವು. ಓಡಿ ಪ್ರೀಮಿಯಂ ಮೇಲೆ ಹೆಚ್ಚುವರಿ ಹಣ ಕಟ್ಟಿ, ಟ್ಯಾರಿಫಿನಲ್ಲಿ ಅದು 15% ಇತ್ತು, ಐಎಂಟಿ 23 ತೆಗೆದುಕೊಂಡರೆ ಈ ಭಾಗಗಳು ಮತ್ತೆ ಒಳಗೆ ಬರುತ್ತವೆ. ಆದರೆ ಅಲ್ಲಿಯೂ ಷರತ್ತು ಒಂದೇ: ಅದೇ ಸಮಯದಲ್ಲಿ ವಾಹನಕ್ಕೂ ಹಾನಿಯಾಗಿರಬೇಕು. ಅಂದರೆ ಗೂಡ್ಸ್ ಗಾಡಿಯ ಬಂಪರ್, ಹೆಡ್‌ಲೈಟ್ ಮಾತ್ರ ಒಡೆದರೆ ಐಎಂಟಿ 23 ಇದ್ದರೂ ಸಿಗುವುದಿಲ್ಲ. ಕ್ಯಾಬಿನ್, ಛಾಸಿ, ರೇಡಿಯೇಟರ್ ಹೀಗೆ ಪಟ್ಟಿಯ ಹೊರಗಿನ ಯಾವುದಕ್ಕಾದರೂ ಏಟು ಬಿದ್ದಿದ್ದರೆ ಸಿಗುತ್ತದೆ. ಪ್ರೀಮಿಯಂ ಅಗ್ಗವಾಗಲೆಂದು ಕೆಲವು ಏಜೆಂಟರು ಕೇಳದೆಯೇ ಐಎಂಟಿ 23 ಬಿಟ್ಟುಬಿಡುತ್ತಾರೆ. ದಿನದ ದುಡಿಮೆ ಗಾಡಿಯ ಮೇಲೇ ನಿಂತಿರುವ ಮಾಲೀಕರಿಗೆ ಇದು ದೊಡ್ಡ ಅನ್ಯಾಯ. ನವೀಕರಣದ ಕೊಟೇಶನ್ ಬಂದಾಗಲೇ ಈ ಸಂಖ್ಯೆ ಇದೆಯೇ ನೋಡಿ.

7. ಕ್ಲೇಮು ಹಾಕುವ ಕ್ರಮ

ಹಾನಿಯಾದ ದಿನವೇ ಕಂಪನಿಯ ಆ್ಯಪ್ ಅಥವಾ ಟೋಲ್ ಫ್ರೀ ನಂಬರಿನಲ್ಲಿ ತಿಳಿಸಿ ಕ್ಲೇಮ್ ನಂಬರ್ ಪಡೆಯಿರಿ. ಘಟನೆಯನ್ನು ಹೇಳುವಾಗ "ಟೈರ್ ಒಡೆಯಿತು" ಎಂದಷ್ಟೇ ಹೇಳಿ ಮುಗಿಸಬೇಡಿ. ಮೊದಲ ದಾಖಲೆಯಲ್ಲಿ ಅಷ್ಟೇ ಬರೆದುಕೊಂಡರೆ ಅದು ಸವಕಳಿಯ ಕ್ಲೇಮಿನಂತೆ ಕಾಣುತ್ತದೆ. ನಡೆದದ್ದನ್ನು ನಡೆದಂತೆ ಪೂರ್ತಿ ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಚಕ್ರ ಗುಂಡಿಗೆ ಬಿತ್ತು, ಟೈರಿನ ಜೊತೆ ಇನ್ನೇನೇನು ಹಾನಿಯಾಗಿದೆ.

ಗ್ಯಾರೇಜಿನಲ್ಲಿ ಸರ್ವೇಗೆ ಮುಂಚೆ ಏನನ್ನೂ ಬಿಚ್ಚಿಸಬೇಡಿ. ಎಸ್ಟಿಮೇಟ್ ಮಾಡಿಸುವಾಗ ಗಾಡಿ ಎತ್ತಿಸಿ ಕೆಳಗಿನ ಭಾಗಗಳನ್ನೂ ನೋಡಿಸಿ, ಅಲೈನ್‌ಮೆಂಟ್ ರಿಪೋರ್ಟ್ ಇದ್ದರೆ ಜೊತೆಗಿಡಿ. ಕೆಲಸ ಶುರುವಾದ ಮೇಲೆ ಹೊಸ ಹಾನಿ ಕಂಡರೆ ಪೂರಕ ಎಸ್ಟಿಮೇಟ್ ಕೊಟ್ಟು ಸರ್ವೇಯರನ್ನು ಮತ್ತೆ ಕರೆಸಬೇಕು, ಒಪ್ಪಿಗೆ ಬರುವ ಮುಂಚೆ ಬದಲಾಯಿಸಿದ ಭಾಗಕ್ಕೆ ಹಣ ಬರುವುದಿಲ್ಲ. ಆರ್‌ಸಿ, ಆ ಹೊತ್ತಿಗೆ ಓಡಿಸುತ್ತಿದ್ದವರ ಡಿಎಲ್, ಪಾಲಿಸಿ, ಕ್ಲೇಮ್ ಫಾರ್ಮ್, ಫೋಟೋಗಳು ಬೇಕು. ಟೈರ್ ಜೋಡಿಯಾಗಿ ಬದಲಾಯಿಸಬೇಕೆಂದು ಗ್ಯಾರೇಜಿನವರು ಹೇಳಬಹುದು. ಅದು ಓಡಿಸುವುದಕ್ಕೆ ಒಳ್ಳೆಯದೇ, ಆದರೆ ವಿಮೆ ಕೊಡುವುದು ಹಾನಿಯಾದ ಟೈರಿಗೆ ಮಾತ್ರ.

8. ಟೈರಿಗೇ ಪ್ರತ್ಯೇಕ ಆಡ್-ಆನ್ ಬೇಕೇ?

ಟೈರ್ ಪ್ರೊಟೆಕ್ಟ್, ಟೈರ್ ಸೆಕ್ಯೂರ್ ಎಂಬಂಥ ಹೆಸರುಗಳಲ್ಲಿ ಸಿಗುವ ಆಡ್-ಆನ್ ಮೂಲ ಷರತ್ತಿನ ಈ ಕಿಂಡಿಯನ್ನು ಮುಚ್ಚಲೆಂದೇ ಇರುವುದು. ಟೈರ್ ಮಾತ್ರ ಸೀಳಿದರೂ, ಉಬ್ಬಿದರೂ ಇದರಲ್ಲಿ ಹಣ ಸಿಗುತ್ತದೆ. ಎಷ್ಟು ಎಂಬುದು ಸಾಮಾನ್ಯವಾಗಿ ಟೈರಿನಲ್ಲಿ ಉಳಿದಿರುವ ಹಲ್ಲಿನ ಆಳದ ಮೇಲೆ ನಿಲ್ಲುತ್ತದೆ. ಕಾರಿನ ಟೈರಿನ ಸಾಲುಗಳ ನಡುವೆ ಸಣ್ಣ ದಿಬ್ಬದಂತಿರುವ ಸವಕಳಿ ಗುರುತು 1.6 ಮಿಲಿಮೀಟರಿನದು, ಹಲ್ಲು ಅಲ್ಲಿಯವರೆಗೆ ಸವೆದಿದ್ದರೆ ಹಣವಿಲ್ಲ. ಪಂಕ್ಚರ್, ತಯಾರಿಕೆಯ ದೋಷ, ಗಾಳಿ ಕಡಿಮೆ ಇಟ್ಟು ಓಡಿಸಿದ ಹಾನಿ, ಟೈರ್ ಮಾತ್ರ ಕಳುವಾದದ್ದು ಸಾಮಾನ್ಯವಾಗಿ ಸೇರುವುದಿಲ್ಲ. ದುಬಾರಿ ಟೈರ್ ಇರುವ ದೊಡ್ಡ ಕಾರಿಗೆ, ದಿನವೂ ಕೆಟ್ಟ ರಸ್ತೆಯಲ್ಲಿ ಓಡುವವರಿಗೆ, ಟೈರ್ ಹೊಸದಾಗಿರುವ ಮೊದಲ ಎರಡು ವರ್ಷ ಇದು ಲಾಭ. ಸವೆದ ಟೈರಿಗೆ ಇದನ್ನು ಕೊಳ್ಳಬೇಡಿ. ಈ ಆಡ್-ಆನಿನ ಕ್ಲೇಮಿನಿಂದ ಎನ್‌ಸಿಬಿ ಹೋಗುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಕೇಳಿ.

9. ತಿರಸ್ಕರಿಸಿದರೆ

ಫೋನಿನಲ್ಲಿ "ಆಗುವುದಿಲ್ಲ ಸರ್" ಎಂದದ್ದು ತಿರಸ್ಕಾರವಲ್ಲ. ಯಾವ ಷರತ್ತಿನ ಆಧಾರದ ಮೇಲೆ ಎಂಬುದನ್ನು ಬರಹದಲ್ಲಿ ಕೇಳಿ, ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ಟೈರಿನ ಷರತ್ತು ಉಲ್ಲೇಖಿಸಿದ್ದರೆ, ಅದೇ ವರದಿಯಲ್ಲಿ ರಿಮ್ ಅಥವಾ ಬೇರೆ ಭಾಗದ ಹಾನಿಯನ್ನು ಸರ್ವೇಯರ್ ಒಪ್ಪಿದ್ದಾರೆಯೇ ನೋಡಿ. ಒಪ್ಪಿದ್ದರೆ ನಿಮ್ಮ ವಾದ ಅಲ್ಲೇ ಇದೆ: ವಾಹನಕ್ಕೂ ಅದೇ ಸಮಯದಲ್ಲಿ ಹಾನಿಯಾಗಿದೆ ಎಂದು ನಿಮ್ಮವರೇ ಬರೆದಿದ್ದಾರೆ, ಹಾಗಾಗಿ ಟೈರಿನ ಅರ್ಧ ಬೆಲೆ ಬರಬೇಕು.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್‌ನಲ್ಲಿ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ತಕರಾರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ತಿರಸ್ಕಾರದ ಪತ್ರ ಬಂದು ಒಂದು ವರ್ಷದೊಳಗೆ ಹೋಗಬೇಕು, ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ನಡೆಯುತ್ತಿರಬಾರದು. ದೂರಿನ ಜೊತೆ ತಿರಸ್ಕಾರದ ಪತ್ರ, ಸರ್ವೇ ವರದಿ, ಷರತ್ತಿನ ಪುಟ ಮತ್ತು ಟೈರ್ ಬಿಚ್ಚುವ ಮುಂಚೆ ತೆಗೆದ ಫೋಟೋಗಳನ್ನು ಲಗತ್ತಿಸಿ.